ಪೋಸ್ಟರ್ ಮೇಲಿನ ಕೋಟಿಯಲ್ಲಿ ನಿರ್ಮಾಪಕರ ಕೈಗೆ ಬರುವುದೆಷ್ಟು?

ಸಿನಿಮಾ ಬಿಡುಗಡೆಯಾಗಿ ಹತ್ತು ದಿನವಾಗಿರುತ್ತದೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಹೊಸ ಪೋಸ್ಟರ್ ಬರುತ್ತದೆ: '23 ಕೋಟಿ 60 ಲಕ್ಷ! ಭರ್ಜರಿ ಗೆಲುವು!' ಖರ್ಚು 10 ಕೋಟಿ ಅಂತ ಮೊದಲೇ ಸುದ್ದಿಯಾಗಿತ್ತು. ಹಾಗಾದರೆ ನಿರ್ಮಾಪಕರಿಗೆ 13 ಕೋಟಿ 60 ಲಕ್ಷ ಲಾಭ ಅಂತ ಲೆಕ್ಕ ಹಾಕಿಬಿಡುತ್ತೇವೆ, ಅಲ್ವಾ? ಇದೇ ಸಿನಿಮಾದಲ್ಲಿ ಅವರಿಗೆ ನಷ್ಟವೂ ಆಗಿರಬಹುದು. ಈ ಪೋಸ್ಟರ್ ಮತ್ತು ಅದರ ಅಂಕಿಗಳು ಉದಾಹರಣೆಗೆ ಅಂತ ನಾನು ಇಟ್ಟುಕೊಂಡವು. ಲೆಕ್ಕ ಹಾಕುವ ದಾರಿ ಮಾತ್ರ ಗಾಂಧಿನಗರದಲ್ಲಿ ನಡೆಯುವುದೇ.

ಮೊದಲು ಒಂದು ಟಿಕೆಟ್ ನೋಡಿ

ಕೈಯಲ್ಲಿ 236 ರೂಪಾಯಿಯ ಟಿಕೆಟ್ ಇದೆ ಅಂದುಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ತಂದಾಗ ಈ ಅಂಕಿ ತುಂಬಾ ಕೇಳಿಬಂದಿತ್ತು. ಆಮೇಲೆ ಆ ಮಿತಿಗೆ ಹೈಕೋರ್ಟ್ ತಡೆ ಕೊಟ್ಟಿತು. ಟಿಕೆಟ್‌ನಲ್ಲಿ 200 ರೂಪಾಯಿ ಮೂಲ ದರ, 36 ರೂಪಾಯಿ ಜಿಎಸ್‌ಟಿ. ನೂರು ರೂಪಾಯಿ ದಾಟಿದ ಟಿಕೆಟ್‌ಗೆ 18% ತೆರಿಗೆ. ನೂರರ ಒಳಗಿನ ಟಿಕೆಟ್‌ಗೆ 2025ರ ಸೆಪ್ಟೆಂಬರ್ 22ರಿಂದ 5% ಮಾತ್ರ.

ಪ್ರೇಕ್ಷಕ ಟಿಕೆಟ್‌ಗೆ ಕೊಟ್ಟ ಪೂರ್ತಿ 236 ರೂಪಾಯಿ ಗ್ರಾಸ್. ತೆರಿಗೆ ಕಳೆದು ಉಳಿದ 200 ರೂಪಾಯಿ ನೆಟ್. ಆ್ಯಪ್‌ನಲ್ಲಿ ಬುಕ್ ಮಾಡುವಾಗ ಮೇಲೆ ಸೇರುವ ಕನ್ವೀನಿಯನ್ಸ್ ಶುಲ್ಕ ಇವೆರಡರಲ್ಲೂ ಬರುವುದಿಲ್ಲ. ಪಾಪ್‌ಕಾರ್ನ್ ದುಡ್ಡೂ ಬರುವುದಿಲ್ಲ, ಅದು ಥಿಯೇಟರ್‌ನದ್ದು.

ಪೋಸ್ಟರ್ ಮೇಲೆ ಬರುವುದು ಹೆಚ್ಚಾಗಿ ಗ್ರಾಸ್, ಯಾಕೆಂದರೆ ಅದೇ ದೊಡ್ಡ ಅಂಕಿ. ಹಿಂದಿ ಸಿನಿಮಾದವರು ಸಾಮಾನ್ಯವಾಗಿ ದೇಶದ ಒಳಗಿನ ನೆಟ್ ಲೆಕ್ಕ ಹೇಳುತ್ತಾರೆ, ದಕ್ಷಿಣದವರು ವಿದೇಶವೂ ಸೇರಿದ ಗ್ರಾಸ್ ಹೇಳುತ್ತಾರೆ. ಇಬ್ಬರ '100 ಕೋಟಿ'ಯನ್ನು ಅಕ್ಕಪಕ್ಕ ಇಟ್ಟು ಜಗಳ ಆಡುವವರು ಈ ವ್ಯತ್ಯಾಸ ಗಮನಿಸುವುದೇ ಇಲ್ಲ. ಹಾಗಾಗಿ ಯಾವ ಅಂಕಿ ಕಂಡರೂ ಮೊದಲು ಇಷ್ಟು ಕೇಳಿಕೊಳ್ಳಿ: ಗ್ರಾಸಾ, ನೆಟ್ಟಾ? ಕರ್ನಾಟಕದ್ದಾ, ಎಲ್ಲಾ ಕಡೆಯದ್ದಾ?

ಮುಂದೆ ಶೇರ್ ಹುಡುಕಿ

ನಮ್ಮ ಪೋಸ್ಟರ್‌ನ 23 ಕೋಟಿ 60 ಲಕ್ಷ ಗ್ರಾಸ್ ಅಂತ ಇಟ್ಟುಕೊಳ್ಳೋಣ. ಎಲ್ಲಾ ಟಿಕೆಟ್ 18% ತೆರಿಗೆಯವೇ ಆದರೆ 1.18ರಿಂದ ಭಾಗಿಸಿ. ನೆಟ್ 20 ಕೋಟಿ ಸಿಗುತ್ತದೆ. ಗ್ರಾಸ್‌ನಲ್ಲಿ ನೇರವಾಗಿ 18% ಕಳೆಯಬೇಡಿ, ಲೆಕ್ಕ ತಪ್ಪುತ್ತದೆ.

ಈ 20 ಕೋಟಿಯಲ್ಲಿ ಥಿಯೇಟರ್‌ಗೆ ಅದರ ಪಾಲು ಹೋಗಬೇಕು. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರ ಸುಮಾರು ಅರ್ಧ ಸಿನಿಮಾದವರಿಗೆ ಸಿಗುತ್ತದೆ. ವಾರ ಕಳೆದಂತೆ ಆ ಪಾಲು ಇಳಿಯುತ್ತಾ ಹೋಗುತ್ತದೆ. ನಮ್ಮ ಅನೇಕ ಸಿಂಗಲ್ ಸ್ಕ್ರೀನ್‌ಗಳಲ್ಲಿ ಬೇರೆ ಪದ್ಧತಿ ಇದೆ: ವಾರಕ್ಕೆ ಇಷ್ಟು ಅಂತ ಬಾಡಿಗೆ. ಕಲೆಕ್ಷನ್ ಬಾಡಿಗೆಗಿಂತ ಜಾಸ್ತಿ ಬಂದರೆ ಉಳಿದದ್ದು ವಿತರಕರದ್ದು. ಕಡಿಮೆ ಬಂದರೆ ವಿತರಕರೇ ಕೈಯಿಂದ ಹಾಕಿ ಬಾಡಿಗೆ ತುಂಬಬೇಕು. ಟಿಕೆಟ್ ಮಾರಾಟವಾಗಿದೆ, ಗ್ರಾಸ್ ಲೆಕ್ಕಕ್ಕೂ ಸೇರಿದೆ, ಆದರೆ ಆ ಊರಿನಿಂದ ಬಂದದ್ದು ಸಾಲ ಮಾತ್ರ.

ಇದೆಲ್ಲಾ ಕಳೆದು ವಿತರಕರ ಕೈಗೆ ಬರುವುದೇ ಶೇರ್. ಗೆಲುವು ಸೋಲು ಅಳೆಯಲು ನನಗೆ ಗ್ರಾಸ್‌ಗಿಂತ ಇದೇ ಮುಖ್ಯ. ಸರಾಸರಿ 45% ಅಂತ ಹಿಡಿದರೆ ನಮ್ಮ ಸಿನಿಮಾಗೆ 9 ಕೋಟಿ. ವಿತರಕರು 10% ಕಮಿಷನ್ ಮೇಲೆ ಕೆಲಸ ಮಾಡಿದ್ದರೆ 90 ಲಕ್ಷ ಅವರಿಗೆ. ಉಳಿದದ್ದು 8 ಕೋಟಿ 10 ಲಕ್ಷ. ಪ್ರಚಾರಕ್ಕೆ, ಥಿಯೇಟರ್‌ಗೆ ಡಿಜಿಟಲ್ ಪ್ರಿಂಟ್ ತಲುಪಿಸುವುದಕ್ಕೆ 2 ಕೋಟಿ ಆಗಿದೆ ಅನ್ನಿ. ಈಗ ನಿರ್ಮಾಪಕರ ಕೈಯಲ್ಲಿ 6 ಕೋಟಿ 10 ಲಕ್ಷ.

ಸಿನಿಮಾ ಮಾಡಲು ಖರ್ಚಾದದ್ದು 10 ಕೋಟಿ. ಒಟಿಟಿ, ಟಿವಿ, ಆಡಿಯೊ, ಡಬ್ಬಿಂಗ್ ಹಕ್ಕುಗಳಿಂದ 3 ಕೋಟಿ ಬಂದರೂ ಒಟ್ಟು 9 ಕೋಟಿ 10 ಲಕ್ಷ. 90 ಲಕ್ಷ ನಷ್ಟ. ಸಾಲಕ್ಕೆ ಕಟ್ಟಿದ ಬಡ್ಡಿ ಇದರಲ್ಲಿ ಸೇರಿಲ್ಲ. ಹಕ್ಕುಗಳು 6 ಕೋಟಿಗೆ ಹೋಗಿದ್ದರೆ ಇದೇ ಸಿನಿಮಾ 2 ಕೋಟಿಗೂ ಜಾಸ್ತಿ ಲಾಭ ಮಾಡಿರುತ್ತಿತ್ತು. ಥಿಯೇಟರ್‌ಗೆ ಬಂದ ಜನ ಅಷ್ಟೇ, ಪೋಸ್ಟರ್ ಕೂಡ ಅದೇ.

ಗೆದ್ದವರು ಯಾರು ಅಂತ ಕೇಳಿ

ಸಿನಿಮಾ ಯಾವಾಗಲೂ ಕಮಿಷನ್ ಮೇಲೆ ಹೋಗುವುದಿಲ್ಲ. ಕೆಲವೊಮ್ಮೆ ವಿತರಕರು ಇಷ್ಟು ಕೋಟಿ ಖಾತ್ರಿ ಅಂತ ಮೊದಲೇ ಕೊಟ್ಟು ಒಂದು ಏರಿಯಾ ತೆಗೆದುಕೊಳ್ಳುತ್ತಾರೆ. ಇದನ್ನು ಎಂಜಿ, ಅಂದರೆ ಮಿನಿಮಮ್ ಗ್ಯಾರಂಟಿ ಅನ್ನುತ್ತಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದ 'ಬಿಕೆಟಿ' ಅಂಥ ಒಂದು ಏರಿಯಾ. ಅಲ್ಲಿ 5 ಕೋಟಿ ಕೊಟ್ಟು ತೆಗೆದುಕೊಂಡವರಿಗೆ 3 ಕೋಟಿ ಶೇರ್ ಬಂದರೆ ಅವರು ಮುಳುಗಿದಂತೆ. ನಿರ್ಮಾಪಕರು ಮಾತ್ರ ಬಿಡುಗಡೆಗೆ ಮೊದಲೇ ಸೇಫ್. ದೊಡ್ಡ ಸ್ಟಾರ್ ಸಿನಿಮಾ 'ಲಾಭ ಮಾಡಿದೆ' ಅಂತ ನಿರ್ಮಾಪಕರು, 'ಸೋತಿದೆ' ಅಂತ ವಿತರಕರು ಹೇಳಿದರೆ ಇಬ್ಬರ ಮಾತೂ ನಿಜ ಇರಬಹುದು.

ಈ ಶೇರ್ ಲೆಕ್ಕ ನಮಗೆ ಸಿಗುವುದು ಅಪರೂಪ. ಪ್ರತಿ ಥಿಯೇಟರ್‌ನಿಂದ ವಿತರಕರಿಗೆ ದಿನಾ ಕಲೆಕ್ಷನ್ ವರದಿ ಹೋಗುತ್ತದೆ, ಅದು ಹೊರಗೆ ಬರುವುದಿಲ್ಲ. ಕೇರಳದ ನಿರ್ಮಾಪಕರ ಸಂಘ 2025ರ ಆರಂಭದಲ್ಲಿ ಒಂದೊಂದು ಸಿನಿಮಾದ ಬಜೆಟ್ ಮತ್ತು ಥಿಯೇಟರ್ ಶೇರ್ ಪಕ್ಕಪಕ್ಕ ಇಟ್ಟು ಪಟ್ಟಿ ಹೊರಗೆ ಹಾಕಿತು. ಹೆಚ್ಚಿನ ಸಿನಿಮಾಗಳು ನಷ್ಟದಲ್ಲಿವೆ ಅನ್ನುವುದು ಅದರಿಂದ ಎಲ್ಲರಿಗೂ ಕಂಡಿತು. ನಮ್ಮಲ್ಲೂ ಇಂಥ ಪಟ್ಟಿ ಬರಬೇಕು ಅಂತ ನನಗೆ ತುಂಬಾ ಆಸೆ.

ಕೊನೆಗೆ ತಲೆ ಎಣಿಸಿ

ಫುಟ್‌ಫಾಲ್ ಅಂದರೆ ಮಾರಾಟವಾದ ಟಿಕೆಟ್‌ಗಳ ಸಂಖ್ಯೆ. ಗ್ರಾಸ್ ಅನ್ನು ಸರಾಸರಿ ಟಿಕೆಟ್ ದರದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನಮ್ಮ ಪೋಸ್ಟರ್‌ನ ಮೊತ್ತವನ್ನು 236ರಿಂದ ಭಾಗಿಸಿದರೆ 10 ಲಕ್ಷ ಟಿಕೆಟ್. ಅಷ್ಟೇ ಗ್ರಾಸ್ ಸರಾಸರಿ 400 ರೂಪಾಯಿ ದರದಲ್ಲಿ ಬಂದಿದ್ದರೆ 6 ಲಕ್ಷಕ್ಕೂ ಕಡಿಮೆ. ದರ ಏರಿಸಿ ದಾಖಲೆ ಮುರಿಯಬಹುದು, ಜನ ಜಾಸ್ತಿ ನೋಡಿದರು ಅಂತ ಅದರಿಂದ ಹೇಳಲಾಗದು. ಫ್ರಾನ್ಸ್, ದಕ್ಷಿಣ ಕೊರಿಯಾದಲ್ಲಿ ಸಿನಿಮಾದ ಗೆಲುವನ್ನು ಟಿಕೆಟ್ ಎಣಿಸಿಯೇ ಹೇಳುತ್ತಾರೆ.

2022ರ 'ಕಾಂತಾರ' ಕರ್ನಾಟಕದಲ್ಲೇ 1 ಕೋಟಿ ಟಿಕೆಟ್ ದಾಟಿತು ಅಂತ ನಿರ್ಮಾಣ ಸಂಸ್ಥೆ ಹೇಳಿಕೊಂಡಿತು. 2011ರ ಜನಗಣತಿ ಪ್ರಕಾರ ರಾಜ್ಯದ ಜನ 6 ಕೋಟಿ 11 ಲಕ್ಷ. ಎರಡೆರಡು ಸಲ ನೋಡಿದವರು ಅದರಲ್ಲಿ ಇದ್ದೇ ಇರುತ್ತಾರೆ, ಆದರೂ ಆರು ಜನಕ್ಕೆ ಒಂದು ಟಿಕೆಟ್ ಆಯಿತು. ಆ ಸಿನಿಮಾ ಊರೂರಿಗೆ ಮುಟ್ಟಿದ್ದನ್ನು ಈ ಒಂದು ಅಂಕಿ ಹೇಳುವಷ್ಟು ಚೆನ್ನಾಗಿ ಕೋಟಿಗಳು ಹೇಳಲಾರವು.

ನೀವೇ ನೋಡಿ ತಿಳಿದುಕೊಳ್ಳಬೇಕು ಅಂದರೆ ಮೊದಲ ಸೋಮವಾರಕ್ಕೆ ಕಾಯಿರಿ. ಶುಕ್ರವಾರದಿಂದ ಭಾನುವಾರದವರೆಗೆ ಅಭಿಮಾನಿಗಳು, ಪ್ರಚಾರ ಸೇರಿ ಹೌಸ್‌ಫುಲ್ ಮಾಡಬಹುದು. ಕೆಲಸದ ದಿನವಾದ ಸೋಮವಾರ ಕಲೆಕ್ಷನ್ ಶುಕ್ರವಾರದ ಅರ್ಧಕ್ಕಿಂತ ಮೇಲಿದ್ದರೆ ಬಾಯಿಮಾತು ಚೆನ್ನಾಗಿದೆ ಅಂತ ಅರ್ಥ. ಮೂರನೇ ಒಂದು ಭಾಗಕ್ಕೂ ಕೆಳಗೆ ಬಿದ್ದರೆ ಮುಂದಿನ ವಾರ ಕಷ್ಟ. ಅವತ್ತು ಸಂಜೆ ಬುಕಿಂಗ್ ಆ್ಯಪ್‌ನಲ್ಲಿ ನಿಮ್ಮ ಊರಿನ ಎರಡು ಮೂರು ಥಿಯೇಟರ್‌ಗಳ ಸೀಟುಗಳನ್ನು ನೋಡಿ. ಸಾಲುಸಾಲು ಸೀಟು ಒಟ್ಟಿಗೆ ತುಂಬಿ, ಸುತ್ತಲೂ ಎಲ್ಲಾ ಖಾಲಿ ಇದ್ದರೆ ಯಾರೋ ಒಟ್ಟಿಗೆ ಕೊಂಡಿರಬಹುದು. ಎರಡು, ಮೂರು, ನಾಲ್ಕು ಸೀಟು ಅಂತ ಅಲ್ಲಲ್ಲಿ ತುಂಬಿದ್ದರೆ ಮನೆಯವರ ಜೊತೆ ಬಂದವರೇ ಜಾಸ್ತಿ. ಸಿಂಗಲ್ ಸ್ಕ್ರೀನ್‌ಗಳಲ್ಲಿ ಎಷ್ಟೋ ಜನ ಈಗಲೂ ಕೌಂಟರ್‌ನಲ್ಲೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ಅಲ್ಲಿ ಆ್ಯಪ್ ನೋಡಿ ಖಾಲಿ ಅನ್ನಬೇಡಿ. ಫಸ್ಟ್ ಶೋ ಶುರುವಾಗುವ ಹೊತ್ತಿಗೆ ಗೇಟ್ ಹತ್ತಿರ ಹೋಗಿ ನಿಂತು, ನಿಲ್ಲಿಸಿದ ಬೈಕ್‌ಗಳನ್ನು ನೋಡಿದರೆ ಗೊತ್ತಾಗುತ್ತದೆ.