ಯಂತ್ರದ ಕನ್ನಡದಲ್ಲಿದ್ದ ದಸರಾ ಶುಭಾಶಯವನ್ನು ನಾನು ತಿದ್ದಿದ್ದು ಹೀಗೆ

ಬಾಗಲಕೋಟೆಯಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಫ್ಲೆಕ್ಸ್, ಅಂಗಡಿಯವರ ವಾಟ್ಸಾಪ್ ಮೆಸೇಜು ಎಲ್ಲಾ ಮಾಡುತ್ತೇನೆ. ಈಗೀಗ ತುಂಬಾ ಜನ ಇಂಗ್ಲಿಷ್ ಮೆಸೇಜನ್ನು ಮೊಬೈಲಿನಲ್ಲೇ ಅನುವಾದ ಮಾಡಿಕೊಂಡು ತರುತ್ತಾರೆ. ದಸರಾಕ್ಕೆ ಒಬ್ಬ ಸೀರೆ ಅಂಗಡಿಯವರು ತಂದದ್ದು ಹೀಗಿತ್ತು:

"ಆತ್ಮೀಯ ಮೌಲ್ಯಯುತ ಗ್ರಾಹಕರೇ, ನಿಮಗೆ ಮತ್ತು ನಿಮ್ಮ ಕುಟುಂಬಕ್ಕೆ ಸಂತೋಷದ ದಸರಾವನ್ನು ನಾವು ಬಯಸುತ್ತೇವೆ. ಈ ಮಂಗಳಕರ ಸಂದರ್ಭವು ನಿಮ್ಮ ಜೀವನದಲ್ಲಿ ಸಮೃದ್ಧಿಯನ್ನು ತರಲಿ. ನಮ್ಮನ್ನು ಬೆಂಬಲಿಸಿದ್ದಕ್ಕಾಗಿ ಧನ್ಯವಾದಗಳು. ನಮ್ಮ ಹೊಸ ಸಂಗ್ರಹವನ್ನು ಅನ್ವೇಷಿಸಲು ದಯವಿಟ್ಟು ಭೇಟಿ ನೀಡಿ."

ಕಾಗುಣಿತ ತಪ್ಪಿಲ್ಲ, ವ್ಯಾಕರಣವೂ ಸರಿಯೇ. ಆದರೆ ಇದನ್ನು ಜೋರಾಗಿ ಓದಿದರೆ ನಮ್ಮೂರಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ ಅಂತ ಮೊದಲ ಸಾಲಿಗೇ ಗೊತ್ತಾಗುತ್ತದೆ. ಇಂಥದ್ದರಲ್ಲಿ ಒಂದೊಂದೇ ಪದ ಬದಲಿಸುತ್ತಾ ಕೂತರೆ ಉಪಯೋಗವಿಲ್ಲ. 'ಮೌಲ್ಯಯುತ' ತೆಗೆದು 'ಪ್ರೀತಿಯ' ಅಂತ ಹಾಕಿದರೂ ವಾಕ್ಯದ ಎಲುಬು ಇಂಗ್ಲಿಷಿನದೇ ಉಳಿಯುತ್ತದೆ. ಅದಕ್ಕೇ ನಾನು ಆ ಮೆಸೇಜನ್ನು ಬದಿಗಿಟ್ಟು ಅಂಗಡಿಯವರನ್ನೇ ಕೇಳಿದೆ, "ಅಣ್ಣಾರ, ಹಬ್ಬದ ದಿನ ನಿಮ್ಮ ಗಿರಾಕಿ ಎದುರಿಗೆ ಸಿಕ್ಕರ ಏನಂತೀರಿ?"

"ಏನಂತೀವ್ರಿ, ಬನ್ನಿ ಕೊಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅಂತೀವಿ."

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ವಿಜಯದಶಮಿ ಸಂಜೆ ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲು ಮುಟ್ಟಿ ನಾವೆಲ್ಲ ಹೇಳುವ ಮಾತು ಇದೇ ಅಲ್ವಾ? 'ಸಮೃದ್ಧಿಯನ್ನು ತರಲಿ' ಅಂತ ಯಂತ್ರ ಹೇಳಲು ಹೋದದ್ದೆಲ್ಲ ಇದರೊಳಗೆ ಇದೆ. ಜೊತೆಗೆ 'ಇರೋಣ' ಅಂದಾಗ ಹೇಳುವವರೂ ಕೇಳುವವರೂ ಒಟ್ಟಿಗೆ ಸೇರುತ್ತಾರೆ. 'ಸಂದರ್ಭವು ತರಲಿ' ಅಂದರೆ ಅಲ್ಲಿ ಮನುಷ್ಯರೇ ಕಾಣುವುದಿಲ್ಲ. ನಮ್ಮ ಮಾತಿನಲ್ಲಿ ಹಾರೈಸುವವರು ಮನುಷ್ಯರು, ಇಲ್ಲವೇ ದೇವರು. ಸಂದರ್ಭ ಏನನ್ನೂ ಹೊತ್ತುಕೊಂಡು ಬರುವುದಿಲ್ಲ.

ಉಳಿದ ಸಾಲುಗಳನ್ನೂ ಹಾಗೇ ನೋಡಿದೆ. 'ನಿಮಗೆ ಮತ್ತು ನಿಮ್ಮ ಕುಟುಂಬಕ್ಕೆ' ಅನ್ನುವಲ್ಲಿ 'ಮತ್ತು' ಬೇಡ, 'ನಿಮಗೂ ಮನೆಯವರಿಗೂ' ಅಂದರೆ ಸಾಕು. 'ದಸರಾವನ್ನು ಬಯಸುತ್ತೇವೆ' ಅಂದರೆ ನಮಗೆ ದಸರಾ ಬೇಕಾಗಿದೆ ಅನ್ನುವ ಅರ್ಥ ಬರುತ್ತದೆ, ಅದನ್ನು ಪೂರ್ತಿ ತೆಗೆದೆ. 'ಶುಭಾಶಯ' ಮಾತ್ರ ಹಾಗೇ ಬಿಟ್ಟೆ. ಅದು ಸಂಸ್ಕೃತದ್ದಾದರೂ ಎಲ್ಲರ ಬಾಯಲ್ಲೂ ಇದೆ. ಹಳೆಯ ಪದ, ದೊಡ್ಡ ಪದ ಅಂತ ಸುಮ್ನೆ ಕಿತ್ತುಹಾಕುತ್ತಾ ಹೋದರೆ ಅದೂ ಕೃತಕವೇ ಆಗುತ್ತದೆ. 'ಬೆಂಬಲಿಸಿದ್ದಕ್ಕಾಗಿ ಧನ್ಯವಾದಗಳು' ಬದಲು ಗಿರಾಕಿಗಳು ನಿಜವಾಗಿ ಏನು ಮಾಡಿದರೋ ಅದನ್ನೇ ಬರೆದೆ. ಅವರು ಬಂದರು, ತಮ್ಮವರನ್ನೂ ಕರೆದುಕೊಂಡು ಬಂದರು.

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ವಾದವಾಯಿತು. ಹೊಸ ಮಾಲು ಬಂದದ್ದನ್ನು ಹೇಳಲೇಬೇಕು ಅಂತ ಅವರ ಹಟ. ಬನ್ನಿ ಕೊಡುತ್ತಾ ಯಾರೂ ವ್ಯಾಪಾರದ ಮಾತು ಆಡುವುದಿಲ್ಲ, ಹಬ್ಬದ ದಿನ ಬರೀ ಶುಭಾಶಯ ಹೋಗಲಿ, ಸೀರೆಯ ಮಾತನ್ನು ನಾಲ್ಕು ದಿನ ಬಿಟ್ಟು ದೀಪಾವಳಿ ಹೆಸರಲ್ಲಿ ಬೇರೆಯಾಗಿ ಕಳಿಸೋಣ ಅಂದೆ. ಒಪ್ಪಿದರು. ಹಬ್ಬಕ್ಕೆ ಹೋದದ್ದು ಇದು:

"ಎಲ್ಲರಿಗೂ ನಮಸ್ಕಾರ ರೀ. ನಿಮಗೂ ಮನೆಯವರಿಗೂ ದಸರಾ ಹಬ್ಬದ ಶುಭಾಶಯ. ವರ್ಷವಿಡೀ ನಮ್ಮ ಅಂಗಡಿಗೆ ಬಂದಿರಿ, ನಿಮ್ಮವರನ್ನೂ ಕರೆದುಕೊಂಡು ಬಂದಿರಿ. ಹೀಗೇ ಬರ್ತಾ ಇರ್ರಿ. ಬನ್ನಿ ತಗೊಂಡು ಬಂಗಾರದಂಗ ಇರೋಣ."

ಆಮೇಲೆ ಹೋದದ್ದು: "ದೀಪಾವಳಿಗೆ ಹೊಸ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಬಂದಿವೆ. ಒಮ್ಮೆ ಬಂದು ನೋಡ್ರಿ."

ಇದರಲ್ಲಿ ನಮ್ಮ ಕಡೆಯ ಮಾತನ್ನು ಪೂರ್ತಿ ತುಂಬಿಲ್ಲ, ಗಮನಿಸಿರಬಹುದು. 'ಮನ್ಯಾಗಿನವ್ರಿಗೂ', 'ಕರಕೊಂಡ ಬಂದೀರಿ' ಅಂತ ಎಲ್ಲವನ್ನೂ ಆಡಿದ ಹಾಗೇ ಬರೆದರೆ ಕಿವಿಗೆ ಸಹಜ, ಕಣ್ಣಿಗೆ ಕಷ್ಟ. ನಾವೆಲ್ಲ ಶಾಲೆಯಲ್ಲಿ ಓದಿದ್ದು ಬೇರೆ ಕನ್ನಡ, ಅದಕ್ಕೇ ಓದುವವರು ಪ್ರತಿ ಪದಕ್ಕೂ ನಿಲ್ಲಬೇಕಾಗುತ್ತದೆ. ಆದ್ದರಿಂದ ಬರಹದಲ್ಲಿ ಒಂದು 'ರೀ', ಒಂದು 'ನೋಡ್ರಿ', ಒಂದು ಹಬ್ಬದ ಮಾತು ಇಟ್ಟುಕೊಂಡು ಉಳಿದದ್ದನ್ನು ಸರಳ ಕನ್ನಡದಲ್ಲಿ ಬಿಡುತ್ತೇನೆ. ಅದೇ ಶುಭಾಶಯವನ್ನು ಧ್ವನಿಯಲ್ಲಿ ಕಳಿಸುವುದಾದರೆ ಮಾತ್ರ ಕಾಗದ ಕೊಡುವುದಿಲ್ಲ. ವಿಷಯ ಹೇಳಿ, ನಿಮ್ಮ ಮಾತಲ್ಲೇ ಹೇಳ್ರಿ ಅಂತ ರೆಕಾರ್ಡ್ ಮಾಡಿಸುತ್ತೇನೆ.

ಕಳಿಸುವ ಮೊದಲು ಒಂದು ಪರೀಕ್ಷೆ ಇದೆ. ಮೆಸೇಜನ್ನು ನಾನು ಓದುವುದಿಲ್ಲ, ಅದನ್ನು ಮೊದಲ ಸಲ ನೋಡುವವರ ಕೈಗೆ ಕೊಟ್ಟು ಜೋರಾಗಿ ಓದಿಸುತ್ತೇನೆ. ಎಲ್ಲಿ ತಡವರಿಸಿದರು, ಎಲ್ಲಿ ಬರೆದದ್ದನ್ನು ಬಿಟ್ಟು ತಮ್ಮ ಬಾಯಿಗೆ ಬಂದ ಹಾಗೆ ಓದಿದರು ಅಂತ ನೋಡುತ್ತೇನೆ. ಈ ಮೆಸೇಜಿನಲ್ಲಿ ಮೊದಲು 'ವರ್ಷಪೂರ್ತಿಯಾಗಿ' ಅಂತ ಇತ್ತು. ಅಂಗಡಿಯ ಹುಡುಗ ಅದನ್ನು 'ವರ್ಷವಿಡೀ' ಅಂತಲೇ ಓದಿದ, ಬರೆದದ್ದು ಬೇರೆ ಅಂತ ಅವನಿಗೆ ಗೊತ್ತೂ ಆಗಲಿಲ್ಲ. ಅಲ್ಲೇ ಬದಲಿಸಿ ಕಳಿಸಿದೆವು.