ಎಡ ಅಂಚಿನಲ್ಲಿ ಬರೆಯುವ ‘ಮಾತ್ರ’

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳದ ರೈತರ ಸಭೆಗಳಲ್ಲಿ ನಾನು ದುಭಾಷಿಯ ಕೆಲಸ ಮಾಡುತ್ತೇನೆ. ಹೊರರಾಜ್ಯದಿಂದ ಬಂದ ವಿಜ್ಞಾನಿ ಇಂಗ್ಲಿಷಿನಲ್ಲಿ ಎರಡು ಮೂರು ನಿಮಿಷ ಮಾತಾಡಿ ನಿಲ್ಲಿಸುತ್ತಾರೆ. ಅಷ್ಟನ್ನೂ ನಾನು ಕನ್ನಡದಲ್ಲಿ ಹೇಳಬೇಕು. ರೈತರು ಕೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಮುಟ್ಟಿಸಬೇಕು. ಎರಡೂ ಭಾಷೆ ಚೆನ್ನಾಗಿ ಬಂದರೆ ಸಾಕು ಅಂತ ಮೊದಲು ನಂಬಿದ್ದೆ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಆ ನಂಬಿಕೆ ಹೋಯಿತು.

ಅವತ್ತಿನ ವಿಷಯ ಫಾಲ್ ಆರ್ಮಿವರ್ಮ್. 2018ರಲ್ಲಿ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದೇ ಕರ್ನಾಟಕದ ಮೆಕ್ಕೆಜೋಳದಲ್ಲಿ. ವಿಜ್ಞಾನಿ ವಿಷದ ತೌಡು ಮಾಡುವ ರೀತಿ ಹೇಳಿದರು. 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು. ಕಲಸಿ 24 ಗಂಟೆ ಹುಳಿಯಲು ಬಿಡಬೇಕು. ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಸೇರಿಸಿ ಸುಳಿಯೊಳಗೆ ಹಾಕಬೇಕು.

ನನ್ನ ಕಾಗದದಲ್ಲಿ ಒಂದೇ ಸಾಲಿತ್ತು: ತೌಡು 10, ಬೆಲ್ಲ 2, ನೀರು 2–3, ಥಯೋ 100, 24 ಗಂ, ½ ಗಂ. ಒಂದು ಅಂಕಿಯೂ ತಪ್ಪಿಲ್ಲ. ಆದರೆ ಅರ್ಧ ಗಂಟೆ ಯಾವುದಕ್ಕೆ ಸೇರಿದ್ದು ಅಂತ ಆ ಸಾಲು ಹೇಳುತ್ತಿರಲಿಲ್ಲ. ಎಲ್ಲವನ್ನೂ ಕಲಸಿ 24 ಗಂಟೆ ಇಡಿ ಅಂದುಬಿಟ್ಟೆ. ಮುಂದೆ ಕೂತಿದ್ದ ಹಿರಿಯರೊಬ್ಬರು, “ಏನಮ್ಮ, ವಿಷ ಹಾಕಿದ ತೌಡನ್ನ ಒಂದಿನ ಪೂರ್ತಿ ಮನ್ಯಾಗ ಇಡಬೇಕಾ? ದನ ಕರ ಇರ್ತಾವಲ್ಲ” ಅಂದರು. ತೌಡು, ಬೆಲ್ಲ ಅಂದರೆ ದನ ಬಿಟ್ಟೀತಾ? ತಕ್ಷಣ ವಿಜ್ಞಾನಿಯನ್ನು ಕೇಳಿ, ಎಲ್ಲರ ಮುಂದೆ ತಿದ್ದಿ ಹೇಳಿದೆ. ಆ ಹಿರಿಯರು ಕೇಳದಿದ್ದರೆ ಏನಾಗುತ್ತಿತ್ತು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಮನೆಗೆ ಬಂದು ಆ ಕಾಗದವನ್ನೇ ನೋಡುತ್ತಾ ಕೂತೆ. ನಾನು ಬರೆದದ್ದು ಪದಗಳು. ಪದಗಳ ನಡುವಿನ ಕೊಂಡಿಯೇ ಇರಲಿಲ್ಲ. ಪದ ಹೇಗೋ ನೆನಪಿಗೆ ಬರುತ್ತದೆ, ಮೊದಲು ಕಳೆದುಹೋಗುವುದು ‘ಆಮೇಲೆ’, ‘ಮಾತ್ರ’, ‘ಯಾಕೆಂದರೆ’, ‘ಬೇಡ’ ಇಂಥವು.

ಆಮೇಲೆ ಬರೆಯುವ ಕ್ರಮವನ್ನೇ ಬದಲಿಸಿದೆ. ಮೇಲ್ಗಡೆ ಸ್ಪೈರಲ್ ಇರುವ ಸಣ್ಣ ಪುಸ್ತಕ, ಒಂದೇ ಮಗ್ಗುಲಿಗೆ ಬರಹ. ಎಡಕ್ಕೆ ಎರಡು ಬೆರಳಗಲ ಗೀಟು. ಗೀಟಿನ ಎಡಕ್ಕೆ ಕೊಂಡಿಗಳು ಮಾತ್ರ. ಬಲಕ್ಕೆ ವಿಷಯ, ಅದೂ ಅಡ್ಡಕ್ಕಲ್ಲ, ಮೆಟ್ಟಿಲಿನ ಹಾಗೆ ಓರೆಯಾಗಿ ಕೆಳಕ್ಕೆ. ಒಂದು ವಿಚಾರ ಮುಗಿದರೆ ಅಡ್ಡಗೆರೆ. ಓರೆಯಾಗಿ ಇಳಿಸುವುದು ನನ್ನ ಕಲ್ಪನೆಯಲ್ಲ. ಜಿನೀವಾದ ದುಭಾಷಿ ಜಾನ್ ಫ್ರಾನ್ಸ್ವಾ ರೋಜಾನ್ 1956ರಲ್ಲೇ ಇದನ್ನು ಬರೆದಿಟ್ಟಿದ್ದರು. ಪದವನ್ನಲ್ಲ, ವಿಚಾರವನ್ನು ಬರೆಯಬೇಕು, ಚಿಹ್ನೆಗಳು 20 ಇದ್ದರೆ ಸಾಕು ಅನ್ನುವುದು ಅವರ ಪಾಠ. ನಾನು ಮೊದಲು ಅರವತ್ತು ಚಿಹ್ನೆ ಮಾಡಿಕೊಂಡಿದ್ದೆ. ಸಭೆಯಲ್ಲಿ ಯಾವುದು ಏನು ಅಂತ ಯೋಚಿಸುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು. ಈಗ ಹದಿನೈದರ ಒಳಗೇ ಇವೆ.

ಅದೇ ತೌಡಿನ ಮಾತನ್ನು ಮುಂದಿನ ಸಲ ಹೀಗೆ ಬರೆದುಕೊಂಡೆ:

```
ಮಾತ್ರ | ದೊಡ್ಡ ಹುಳು
ಯಾಕೆ  |    ಸ್ಪ್ರೇ
      |       ✗→ ಸುಳಿ ಒಳಗೆ
------|------------------
      | ತೌ 10ಕೆ
      | ಬೆ 2ಕೆ
      | ನೀ 2–3ಲೀ
      |       → 24ಗಂ
ಆಮೇಲೆ | ½ಗಂ ಮೊದಲು
      |    + ವಿಷ 100ಗ್ರಾಂ
✗     | ಹಿಂದಿನ ದಿನ
```

ಇದನ್ನು ನೋಡಿಕೊಂಡು ಹೇಳಿದ್ದು: “ಇದು ದೊಡ್ಡ ಹುಳುಗಳಿಗೆ ಮಾತ್ರ. ಅವು ಸುಳಿಯೊಳಗೆ ಅಡಗಿರ್ತವೆ, ಸ್ಪ್ರೇ ಅಲ್ಲಿಗೆ ಮುಟ್ಟಲ್ಲ. ಹತ್ತು ಕೆಜಿ ತೌಡು, ಎರಡು ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಇಡಿ. ಇದರಲ್ಲಿ ಇನ್ನೂ ವಿಷ ಇಲ್ಲ. ಮಾರನೇ ದಿನ, ಹೊಲಕ್ಕೆ ಹಾಕೋಕೆ ಅರ್ಧ ಗಂಟೆ ಇರುವಾಗ ವಿಷ ಸೇರಿಸಿ, ನೂರು ಗ್ರಾಂ. ಹಿಂದಿನ ದಿನವೇ ಹಾಕಬೇಡಿ.” ‘ಇನ್ನೂ ವಿಷ ಇಲ್ಲ’ ಅನ್ನುವುದು ವಿಜ್ಞಾನಿಯ ಪದವಲ್ಲ, ಆದರೆ ಅವರ ಅರ್ಥವೇ. ಇಷ್ಟು ಬಿಡಿಸಿ ಹೇಳಬಹುದು. ಅವರು ಹೇಳದ ಇನ್ನೊಂದು ಔಷಧಿಯ ಹೆಸರನ್ನು ನನಗೆ ಗೊತ್ತು ಅಂತ ಸೇರಿಸುವ ಹಾಗಿಲ್ಲ.

ಗೀಟಿನ ಎಡಭಾಗ ಕನ್ನಡಕ್ಕೆ ಇನ್ನೂ ಒಂದು ಕಾರಣಕ್ಕೆ ಬೇಕು. ಇಂಗ್ಲಿಷಿನವರು ‘ಸ್ಪ್ರೇ ಮಾಡಬೇಡಿ’ ಅಂತ ಮೊದಲು ಹೇಳಿ, ಉಸಿರು ತೆಗೆದುಕೊಂಡು, ಷರತ್ತನ್ನು ಕೊನೆಗೆ ಹೇಳುತ್ತಾರೆ. ಕನ್ನಡದಲ್ಲಿ ಷರತ್ತು ಮೊದಲು ಬರಬೇಕು: “ನೂರಕ್ಕೆ ಹತ್ತು ಗಿಡಕ್ಕಿಂತ ಜಾಸ್ತಿ ಹಾನಿ ಕಂಡರೆ ಮಾತ್ರ ಹೊಡೆಯಿರಿ.” ಹಾಗಾಗಿ ಪ್ರತಿ ವಿಚಾರದ ಮೇಲೆ ಒಂದು ಸಾಲು ಖಾಲಿ ಬಿಡುತ್ತೇನೆ. ಷರತ್ತು ಕೊನೆಗೆ ಬಂದರೂ ಕೈ ಮೇಲೆ ಹೋಗಿ ಅಲ್ಲಿ ಬರೆಯುತ್ತದೆ. ಹೇಳುವಾಗ ಮೇಲಿಂದ ಕೆಳಗೆ ಸುಮ್ನೆ ಓದಿದರೆ ಕನ್ನಡದ ಕ್ರಮವೇ ಸಿಗುತ್ತದೆ.

ರೈತರ ಮಾತನ್ನು ಇಂಗ್ಲಿಷಿಗೆ ತರುವಾಗ ಕಷ್ಟ ಬೇರೆ. ಕನ್ನಡದಲ್ಲಿ ಮಾಡಿದ್ದೋ, ಮಾಡದ್ದೋ, ಕೇಳಿದ್ದೋ, ಎಲ್ಲಾ ಕ್ರಿಯಾಪದದ ಬಾಲದಲ್ಲಿದೆ. “ಆ ಊರಾಗೆ ಪೂರ್ತಿ ಬೆಳೆ ಹೋತಂತೆ” ಅಂದರು ಒಬ್ಬರು. ‘ಬೆಳೆ ಹೋಯಿತು’ ಅಂತ ಇಂಗ್ಲಿಷಿನಲ್ಲಿ ಹೇಳಿದರೆ ವಿಜ್ಞಾನಿ ಅದನ್ನು ಕಣ್ಣಾರೆ ಕಂಡದ್ದು ಅಂದುಕೊಳ್ಳುತ್ತಾರೆ. ಈಗ ‘ಅಂತೆ’ ಕೇಳಿದ ಕೂಡಲೇ ಎಡಕ್ಕೆ ‘ಅಂ’ ಬರೆದು ಸುತ್ತು ಹಾಕುತ್ತೇನೆ. ಇಂಗ್ಲಿಷಿನಲ್ಲಿ ‘ಇವರು ಕೇಳಿದ ಪ್ರಕಾರ’ ಅಂತ ಶುರು ಮಾಡುತ್ತೇನೆ. ವಿಜ್ಞಾನಿ ಯಾರಿಂದ ಕೇಳಿದ್ದು ಅಂತ ವಿಚಾರಿಸುತ್ತಾರೆ, ಮಾತು ಸರಿಯಾದ ಕಡೆ ಹೋಗುತ್ತದೆ.

ಪದದ ಆಯ್ಕೆ ಬಗ್ಗೆ ಒಂದು ಮಾತು. ಮೊದಮೊದಲು ‘ಸೈನಿಕ ಹುಳು’ ಅನ್ನುತ್ತಿದ್ದೆ. ಯಾರೂ ತಲೆ ಆಡಿಸುತ್ತಿರಲಿಲ್ಲ. ‘ಲದ್ದಿ ಹುಳು’ ಅಂದಾಗ ಎಲ್ಲರ ಮುಖ ಎದ್ದಿತು. ಸುಳಿಯಲ್ಲಿ ಅದು ಬಿಡುವ ಹಿಕ್ಕೆ ನೋಡಿ ಇಟ್ಟ ಹೆಸರು ಅಲ್ವಾ? ಈಗ ಹೋದ ಊರಿನಲ್ಲೆಲ್ಲ ಸಭೆಗೆ ಮೊದಲೇ ಇಬ್ಬರು ಮೂವರ ಹತ್ತಿರ ಹುಳುವಿನ ಹೆಸರು, ಗಿಡದ ಭಾಗದ ಹೆಸರು ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತೇನೆ.

ಅಭ್ಯಾಸ ಶುರು ಮಾಡಿದ್ದು ಕಾಗದ ಇಲ್ಲದೆ. ಆಕಾಶವಾಣಿ ಚಿತ್ರದುರ್ಗದ ರೈತರ ಕಾರ್ಯಕ್ರಮ ಒಂದು ನಿಮಿಷ ಕೇಳಿ, ನಿಲ್ಲಿಸಿ, ಕನ್ನಡದಲ್ಲೇ ಬೇರೆ ಮಾತಿನಲ್ಲಿ ಹೇಳುತ್ತಿದ್ದೆ. ಕನ್ನಡದಿಂದ ಕನ್ನಡಕ್ಕೇ ಬಿಡಿಸಿ ಹೇಳಲು ಬರದಿದ್ದರೆ ನನಗೆ ಅರ್ಥವೇ ಆಗಿಲ್ಲ ಅಂತ ಗೊತ್ತಾಗುತ್ತಿತ್ತು. ಒಂದು ತಿಂಗಳ ಮೇಲೆ ಪೆನ್ನು ಹಿಡಿದೆ. ಗೆಳತಿ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ನಾನು ಹೇಳುತ್ತೇನೆ, ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇವೆ. ಆಮೇಲೆ ಕೇಳುವಾಗ ಭಾಷೆ ಚೆಂದ ಇದೆಯಾ ಅಂತ ನೋಡುವುದಿಲ್ಲ. ಅಂಕಿ ಅದರ ವಸ್ತುವಿನ ಜೊತೆಗೇ ಬಂತಾ, ‘ಬೇಡ’ ‘ಮಾತ್ರ’ ಉಳಿದವಾ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಸರಿ ಇದೆಯಾ, ಇಷ್ಟೇ. ಏನಾದರೂ ಬಿಟ್ಟಿದ್ದರೆ ಪುಸ್ತಕ ತೆಗೆದು ಆ ಜಾಗ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿ ಎಡಭಾಗ ಖಾಲಿ ಇರುತ್ತದೆ, ಬಲಭಾಗದಲ್ಲಿ ಪದಗಳು ಕಿಕ್ಕಿರಿದಿರುತ್ತವೆ.

ಇಷ್ಟಾದರೂ ಔಷಧಿಗಳ ಹೆಸರು, ಪ್ರಮಾಣ ಒಂದರ ಹಿಂದೆ ಒಂದು ಬಂದರೆ ನಾನು ಹಿಡಿಯಲಾರೆ. ವಿಜ್ಞಾನಿ ಮೂರನೇ ಹೆಸರು ಹೇಳುವಷ್ಟರಲ್ಲಿ ಎಡಗೈ ಎತ್ತುತ್ತೇನೆ. ಸಭೆಗೆ ಮುಂಚೆಯೇ ಅವರಿಗೆ ಈ ಸನ್ನೆ ಹೇಳಿರುತ್ತೇನೆ. ಅವರು ನಿಲ್ಲಿಸುತ್ತಾರೆ, ಬರೆದದ್ದನ್ನು ಓದಿ ತೋರಿಸುತ್ತೇನೆ, ಅವರು ಹೌದು ಅಂದ ಮೇಲೆ ರೈತರ ಕಡೆ ತಿರುಗುತ್ತೇನೆ.