ಕೈ ಎಕ್ಸ್‌ರೇಯಲ್ಲಿ ಮೂಳೆ ತೂತು: ರುಮಟಾಯ್ಡೋ ಗೌಟೋ? ರಿಪೋರ್ಟ್ ಓದುವುದು ಹೀಗೆ

ಕೈ ಗೆಣ್ಣು ಊದಿ ಎಕ್ಸ್‌ರೇ ತೆಗೆಸಿದವರು ರಿಪೋರ್ಟಿನಲ್ಲಿ 'ಎರೋಷನ್' ಅಂತ ಕಂಡ ಕೂಡಲೇ ಮುಂದೆ ಓದುವುದನ್ನೇ ನಿಲ್ಲಿಸುತ್ತಾರೆ. ಮೂಳೆ ಸವೆದಿದೆ, ಹಾಗಾದರೆ ರುಮಟಾಯ್ಡ್ ಅಂತ ಮನೆಮಂದಿಯೆಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಎಕ್ಸ್‌ರೇ ವಿಭಾಗದಲ್ಲಿ ಕೂತು ಇದನ್ನು ತುಂಬಾ ಸಲ ನೋಡಿದ್ದೇನೆ. ರುಮಟಾಯ್ಡ್, ಅಂದರೆ ಆಮವಾತ, ಮೂಳೆ ಕೊರೆಯುವುದು ನಿಜ. ಆದರೆ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟುವ ಗೌಟ್ ಕೂಡ ಕೊರೆಯುತ್ತದೆ. ಕೊರೆಯುವ ಜಾಗ ಬೇರೆ, ಉಳಿಯುವ ಅಂಚು ಬೇರೆ, ವರ್ಷಗಟ್ಟಲೆ ಕೊಡುವ ಔಷಧಿಯಂತೂ ಬೇರೆಯೇ.

ಮೊದಲು ಫಿಲ್ಮ್ ಸರಿಯಾಗಿರಲಿ. ಉಂಗುರ, ಬಳೆ ತೆಗೆದಿಡಿ. ನೋಯುವುದು ಒಂದೇ ಕೈಯಾದರೂ ಎರಡೂ ಕೈಗಳ ಎಕ್ಸ್‌ರೇ ಬೇಕೇ ಬೇಕು. ಪಾದಗಳದ್ದೂ ತೆಗೆಸಿದರೆ ಇನ್ನೂ ಒಳ್ಳೆಯದು, ಎರಡು ಕಾಯಿಲೆಗಳೂ ಅಲ್ಲಿ ಗುರುತು ಬಿಡುತ್ತವೆ. ಈಗ ಕೆಲವು ಕಡೆ ಎಕ್ಸ್‌ರೇಯನ್ನು ಮಾಮೂಲಿ ಕಾಗದದ ಮೇಲೆ ಪ್ರಿಂಟ್ ಹಾಕಿ ಕೊಡುತ್ತಾರೆ. ಅದನ್ನು ತಗೋಬೇಡಿ. ನಾವು ಹುಡುಕುವ ಅಂಚು ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ಕಾಗದದಲ್ಲಿ ಅದು ಅಳಿಸಿಹೋಗುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡುವುದೂ ಅಷ್ಟೆ. ಫಿಲ್ಮನ್ನೋ ಸಿ.ಡಿ.ಯನ್ನೋ ಕೇಳಿ ಪಡೆಯಿರಿ.

ಆಮೇಲೆ ಯಾವ ಗೆಣ್ಣು ಅಂತ ನೋಡಿ. ರುಮಟಾಯ್ಡಿಗೆ ಬೆರಳ ಬುಡದ ಗೆಣ್ಣು, ನಡುಗೆಣ್ಣು ಮತ್ತು ಮಣಿಕಟ್ಟು ಇಷ್ಟ. ಸಾಮಾನ್ಯವಾಗಿ ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತದೆ. ಉಗುರಿನ ಹತ್ತಿರದ ತುದಿಗೆಣ್ಣನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಗೌಟಿಗೆ ಇಂಥ ಲೆಕ್ಕವಿಲ್ಲ. ಬಲಗೈಯಲ್ಲಿ ಒಂದು ಗೆಣ್ಣು, ಎಡಗೈಯಲ್ಲಿ ಇನ್ನೆಲ್ಲೋ ಒಂದು, ತುದಿಗೆಣ್ಣಾದರೂ ಆಯಿತು.

ಎಡವುವುದು ಅಂಚಿನಲ್ಲಿ. ಇಲ್ಲಿ ನಿಧಾನ ಮಾಡಿ.

ಕೀಲಿನ ಒಳಗೆ ಮೂಳೆಯ ತುದಿಗೆ ಕಾರ್ಟಿಲೇಜಿನ ಹೊದಿಕೆ ಇರುತ್ತದೆ. ಆದರೆ ಹೊದಿಕೆ ಮುಗಿದ ಮೇಲೆ, ಕೀಲಿನ ಚೀಲ ಮೂಳೆಗೆ ಅಂಟುವ ಮೊದಲು, ಒಂದಿಷ್ಟು ಜಾಗದಲ್ಲಿ ಮೂಳೆ ಬರಿಮೈಯಲ್ಲಿರುತ್ತದೆ. ರುಮಟಾಯ್ಡಿನಲ್ಲಿ ಊದಿದ ಒಳಪೊರೆ ಮೊದಲು ಕಡಿಯುವುದು ಅಲ್ಲಿಯೇ. ಅದಕ್ಕೇ ರಿಪೋರ್ಟಿನಲ್ಲಿ 'ಮಾರ್ಜಿನಲ್ ಎರೋಷನ್' ಅಂತ ಬರೆಯುತ್ತಾರೆ, ಅಂದರೆ ಕೀಲಿನ ಪಕ್ಕದಂಚಿನಲ್ಲಿ ಸವೆತ. ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣಿನಲ್ಲಿ, ಹೆಬ್ಬೆರಳಿನ ಕಡೆಗೆ ತಿರುಗಿದ ಬದಿಯನ್ನು ಮೊದಲು ನೋಡಬೇಕು. ಮೂಳೆಯ ಬಿಳಿ ಗೆರೆ ಅಲ್ಲಿ ತುಂಡಾಗಿ, ಮಸುಕಾಗಿ, ಒರಟಾಗಿ ಕಾಣುತ್ತದೆ. ತಿಂದುಹೋದ ಜಾಗದ ಸುತ್ತ ಹೊಸ ಮೂಳೆ ಕಟ್ಟಿಕೊಂಡಿರುವುದಿಲ್ಲ.

ಗೌಟಿನಲ್ಲಿ ಆಗುವುದೇ ಬೇರೆ. ಯೂರೇಟ್ ಹರಳುಗಳು ಕೂಡಿ ಟೋಫಸ್ ಎಂಬ ಗಂಟು ಬೆಳೆಯುತ್ತದೆ. ಅದು ವರ್ಷಗಟ್ಟಲೆ ನಿಧಾನವಾಗಿ ಮೂಳೆಯನ್ನು ಒತ್ತಿ ಕರಗಿಸುತ್ತದೆ. ನಿಧಾನ ಇರುವುದರಿಂದ ಮೂಳೆಗೆ ಪ್ರತಿಯಾಗಿ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಹಾಗಾಗಿ ತೂತು ದುಂಡಗೆ, ಚೊಕ್ಕವಾಗಿ, ಸುತ್ತ ಬಿಳಿ ಗೆರೆ ಎಳೆದಂತೆ ಕಾಣುತ್ತದೆ. ಇದೇ 'ಪಂಚ್ಡ್ ಔಟ್'. ಕೆಲವು ತೂತುಗಳಲ್ಲಿ ಒಂದು ಬದಿಯ ಮೂಳೆ ಗಂಟಿನ ಮೇಲೆ ಸೂರಿನ ಹಾಗೆ ಹೊರಗೆ ಚಾಚಿರುತ್ತದೆ. ರಿಪೋರ್ಟಿನಲ್ಲಿ ಇದು 'ಓವರ್‌ಹ್ಯಾಂಗಿಂಗ್ ಎಡ್ಜ್'. ಈ ಚಾಚು ಸ್ಪಷ್ಟವಾಗಿ ಕಂಡರೆ ನಾನು ಮೊದಲು ಗೌಟ್ ಅಂತಲೇ ಯೋಚಿಸುತ್ತೇನೆ. ತೂತು ಕೀಲಿಗೆ ಅಂಟಿಕೊಂಡೇ ಇರಬೇಕೆಂದಿಲ್ಲ, ಸ್ವಲ್ಪ ದೂರದಲ್ಲೂ ಇರಬಹುದು. ಅದರ ಮೇಲೆಯೇ ಮಾಂಸದ ಭಾಗದಲ್ಲಿ ಒಂದು ದಟ್ಟ ಉಬ್ಬು ಕಂಡರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಎರಡು ಕಡೆ ಮೋಸ ಹೋಗುತ್ತೇವೆ. ರುಮಟಾಯ್ಡಿಗೆ ಒಳ್ಳೆಯ ಚಿಕಿತ್ಸೆ ಆಗಿದ್ದರೆ ಹಳೆಯ ಸವೆತದ ಅಂಚೂ ಬಿಳಿಯಾಗಿ ಗಟ್ಟಿಯಾಗಬಹುದು. ಬಿಳಿ ಅಂಚು ಕಂಡಿತು ಅಂತ ಸುಮ್ನೆ ಗೌಟ್ ಅನ್ನಬಾರದು. ಇನ್ನೊಂದು, ಬುಡದ ಗೆಣ್ಣಿನ ಮೂಳೆಯಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ತಗ್ಗು ಸವೆತದ ಹಾಗೇ ಕಾಣುತ್ತದೆ. ಓರೆಯಾಗಿ ತೆಗೆದ ಇನ್ನೊಂದು ಎಕ್ಸ್‌ರೇಯಲ್ಲಿ ನೋಡಿದರೆ ಗೊತ್ತಾಗುತ್ತದೆ.

ಸಂದು ಮತ್ತು ಮೂಳೆಯ ಬಣ್ಣ. ರುಮಟಾಯ್ಡಿನಲ್ಲಿ ಎರಡು ಮೂಳೆಗಳ ನಡುವಿನ ಸಂದು ಪೂರ್ತಿ ಸಮವಾಗಿ ಕಿರಿದಾಗುತ್ತದೆ. ಕೀಲಿನ ಸುತ್ತಲಿನ ಮೂಳೆ ಬಿಳಿ ಕಳೆದುಕೊಂಡು ಮಂಕಾಗುತ್ತದೆ. ಗೌಟಿನಲ್ಲಿ ದೊಡ್ಡ ತೂತಿದ್ದರೂ ಸಂದು ತುಂಬಾ ಕಾಲ ಉಳಿದಿರುತ್ತದೆ, ಮೂಳೆಯ ಬಣ್ಣವೂ ಚೆನ್ನಾಗಿರುತ್ತದೆ. ಕೊನೆಯ ಹಂತದಲ್ಲಿ ಮಾತ್ರ ಸಂದೂ ಹೋಗುತ್ತದೆ.

ಈಗ ಇದನ್ನೆಲ್ಲ ಒಂದು ರಿಪೋರ್ಟಿನ ಮೇಲೆ ಇಟ್ಟು ನೋಡೋಣ. 68 ವರ್ಷದ ಒಬ್ಬ ಅಜ್ಜಿ ಅಂದುಕೊಳ್ಳಿ. ಬಿ.ಪಿ.ಗೆ ಹೈಡ್ರೋಕ್ಲೋರೋಥಯಝೈಡ್ ಇರುವ ಮಾತ್ರೆ ನುಂಗುತ್ತಿದ್ದಾರೆ. ಬಲಗೈ ಉಂಗುರ ಬೆರಳಿನ ತುದಿಗೆಣ್ಣು ಕೆಂಪಾಗಿ ಊದಿದೆ. ರುಮಟಾಯ್ಡ್ ಅನುಮಾನ ಬಂದಾಗ ರಕ್ತದಲ್ಲಿ ನೋಡುವ ಆರ್.ಎ. ಫ್ಯಾಕ್ಟರ್ ಸ್ವಲ್ಪ ಪಾಸಿಟಿವ್. 'ಅಜ್ಜಿಗೆ ರುಮಟಾಯ್ಡ್ ಅಂತೆ' ಎಂದು ಮನೆಯಲ್ಲಿ ಆಗಲೇ ಮಾತು. ರಿಪೋರ್ಟ್ ಹೇಳುವುದು ಇಷ್ಟು: ಆ ತುದಿಗೆಣ್ಣಿನ ಪಕ್ಕ ಬಿಳಿ ಅಂಚಿನ ಪಂಚ್ಡ್ ಔಟ್ ತೂತು, ಓವರ್‌ಹ್ಯಾಂಗಿಂಗ್ ಎಡ್ಜ್ ಇದೆ, ಮೇಲೆ ದಟ್ಟ ಉಬ್ಬು. ಬುಡದ ಗೆಣ್ಣುಗಳು ಮತ್ತು ಮಣಿಕಟ್ಟು ಎರಡೂ ಕೈಯಲ್ಲಿ ಸರಿಯಾಗಿವೆ. ಹಲವು ತುದಿಗೆಣ್ಣುಗಳಲ್ಲಿ ಸಂದು ಕಿರಿದಾಗಿ ಮೂಳೆಯ ಮುಳ್ಳು ಬೆಳೆದಿದೆ.

ಕೊನೆಯ ಸಾಲು ವಯಸ್ಸಾದಂತೆ ಬರುವ ಕೀಲಿನ ಸವೆತ, ಎರೋಷನ್ ಅಲ್ಲ, ಅದನ್ನು ಬದಿಗಿಡಿ. ರುಮಟಾಯ್ಡ್ ಬಿಟ್ಟುಬಿಡುವ ತುದಿಗೆಣ್ಣು ಇಲ್ಲಿ ಹಾಳಾಗಿದೆ, ಅದು ಹಿಡಿಯುವ ಗೆಣ್ಣುಗಳು ಚೆನ್ನಾಗಿವೆ. ಅಂಚು ಗೌಟಿನದು. ಆ ಬಿ.ಪಿ. ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಗೌಟ್ ಜಾಸ್ತಿ ಆಗುತ್ತದೆ, ಮೊದಲೇ ಸವೆದ ತುದಿಗೆಣ್ಣಿನಲ್ಲಿ ಕೂರುವುದೂ ಉಂಟು. ಆರ್.ಎ. ಫ್ಯಾಕ್ಟರ್ ವಯಸ್ಸಾದವರಲ್ಲಿ ಕಾಯಿಲೆ ಇಲ್ಲದೆಯೂ ಸ್ವಲ್ಪ ಪಾಸಿಟಿವ್ ಬರುತ್ತದೆ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ಅಲ್ವಾ?

ಆದರೂ ರಿಪೋರ್ಟಿನ ಕೊನೆಯಲ್ಲಿ 'ಸಜೆಸ್ಟಿವ್ ಆಫ್ ಗೌಟ್, ಕ್ಲಿನಿಕಲ್ ಕೋರಿಲೇಷನ್' ಅಂತಷ್ಟೇ ಇರುತ್ತದೆ, ಅಂದರೆ ಗೌಟಿನ ಹಾಗೆ ಕಾಣುತ್ತದೆ, ರೋಗಿಯನ್ನು ನೋಡಿ ತಾಳೆ ಹಾಕಿ ಅಂತ. ಇದನ್ನು ನುಣುಚಿಕೊಳ್ಳುವ ಮಾತು ಅಂದುಕೊಳ್ಳಬೇಡಿ. ನೆರಳು ನೋಡಿ ಹೇಳಬಹುದಾದದ್ದು ಅಷ್ಟೇ. ಗಂಟಿನಿಂದಲೋ ಕೀಲಿನಿಂದಲೋ ಸೂಜಿಯಲ್ಲಿ ಒಂದು ಹನಿ ತೆಗೆದು, ಪೋಲರೈಸ್ಡ್ ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಹರಳು ಕಂಡರೆ ಗೌಟ್ ಖಚಿತ. ರಕ್ತದ ಯೂರಿಕ್ ಆಸಿಡ್ ಒಂದನ್ನೇ ನಂಬಬೇಡಿ, ನೋವು ಜೋರಿರುವಾಗ ಅದು ನಾರ್ಮಲ್ ಬರಬಹುದು. ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ, ಬದಲಿಸುವುದು ವೈದ್ಯರ ಕೆಲಸ. ಹೆಸರು, ವಿವರ ಏನೂ ಇಲ್ಲದ ಪೊಟ್ಟಣದ ಕೀಲುನೋವಿನ ಪುಡಿಯನ್ನಂತೂ ಮುಟ್ಟಬೇಡಿ. ಅಂಥದ್ದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ಎರಡು ಕಾಯಿಲೆಗಳ ಊತವೂ ಇಳಿಯುತ್ತದೆ, ಕಾಯಿಲೆ ಯಾವುದು ಅಂತ ತಿಳಿಯುವುದೂ ತಡವಾಗುತ್ತದೆ.

'ಎರೋಷನ್ ಇಲ್ಲ' ಅಂತ ರಿಪೋರ್ಟ್ ಬಂದರೆ? ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ರುಮಟಾಯ್ಡಿನ ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ಶುದ್ಧವಾಗಿಯೇ ಇರಬಹುದು. ಆಗ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ.ಯಲ್ಲಿ ಬೇಗ ಗೊತ್ತಾಗುತ್ತದೆ. ಗೌಟಿನ ತೂತು ಕಾಣಲು ಮೊದಲ ನೋವಿನಿಂದ ಎಷ್ಟೋ ವರ್ಷ ಬೇಕು. ಅದಕ್ಕೆ ಹಳೆಯ ಫಿಲ್ಮ್ ಎಸೆಯಬೇಡಿ. ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಬರೆಯಲು ಹೇಳಿ. ಹೊಸ ಸವೆತ ಆಗಿದೆಯೋ, ಹಳೆಯದೇ ಇದೆಯೋ ಅನ್ನುವುದು ಔಷಧಿ ಬದಲಿಸಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸಲು ನೆರವಾಗುತ್ತದೆ.